ಒಂದು ಕ್ಯಾಪ್ಶನ್‌ನಲ್ಲಿ ಓದುಗರಿಗೆ ಎಷ್ಟು ಕೆಲಸ ಹೇಳಬೇಕು? ಒಂದೇ ಸಾಕಾ, ನಾಲ್ಕೈದು ಇದ್ದರೂ ನಡೆಯುತ್ತಾ?

ನೀಲಿಶಾಯಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಒಂದು ಆನ್‌ಲೈನ್ ಫೋಟೋಗ್ರಫಿ ತರಗತಿಯವರಿಗೆ ಇನ್‌ಸ್ಟಾಗ್ರಾಮ್ ಕ್ಯಾಪ್ಶನ್ ಬರೆದುಕೊಡುತ್ತೇನೆ. ಹೊಸ ಬ್ಯಾಚ್ ಬಂದಾಗಲೆಲ್ಲ ಅದನ್ನು ನಡೆಸುವವರಿಗೂ ನನಗೂ ಒಂದೇ ವಾದ. ಕೊನೆಯಲ್ಲಿ ಒಂದೇ ಒಂದು ಕಾಲ್ ಟು ಆಕ್ಷನ್ ಇರಲಿ ಅಂತ ನಾನು. "ಹೇಗೂ ಜನ ಓದುತ್ತಿದ್ದಾರೆ, ಎಲ್ಲವನ್ನೂ ಕೇಳಿಬಿಡೋಣ, ಯಾವುದಾದರೂ ಒಂದು ಮಾಡುತ್ತಾರೆ" ಅಂತ ಅವರು. ಹೋದ ಸಲ ಅವರು ಹೇಳಿದಂತೆ ಹಾಕಿದ್ದು ಇದು:

> ಬೆಳಕನ್ನು ಹಿಡಿಯುವುದು ಒಂದು ಕಲೆ! ಮೊಬೈಲ್‌ನಲ್ಲೇ ಒಳ್ಳೆಯ ಫೋಟೋ ತೆಗೆಯುವುದನ್ನು ನಾಲ್ಕು ವಾರದಲ್ಲಿ ಕಲಿಯಿರಿ. ಪೋಸ್ಟ್ ಇಷ್ಟವಾದರೆ ಲೈಕ್ ಮಾಡಿ, ಸೇವ್ ಮಾಡಿಟ್ಟುಕೊಳ್ಳಿ, ಫೋಟೋ ಹುಚ್ಚಿರುವ ಮೂವರು ಗೆಳೆಯರನ್ನು ಟ್ಯಾಗ್ ಮಾಡಿ, ನಮ್ಮನ್ನು ಫಾಲೋ ಮಾಡಿ, ಏನಾದರೂ ಕೇಳುವುದಿದ್ದರೆ ಕಮೆಂಟ್ ಮಾಡಿ ಅಥವಾ ಡಿಎಂ ಕಳಿಸಿ. ಸೇರಲು ಬಯೋದಲ್ಲಿರುವ ಲಿಂಕ್ ನೋಡಿ.

ಲೈಕ್ ಚೆನ್ನಾಗಿಯೇ ಬಂತು. ತರಗತಿಗೆ ಸೇರಿದವರು ಮಾತ್ರ ಬೆರಳೆಣಿಕೆ. ಈಗ ಮುಂದಿನ ಬ್ಯಾಚ್ ಬರೆಯಬೇಕು. ನಿಮ್ಮ ಅನುಭವದಲ್ಲಿ ಒಂದೇ ಸರಿಯಾ, ಹಲವು ಸರಿಯಾ? "ಒಂದೇ ಇರಬೇಕು" ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ವಿವರಿಸಿ ಹೇಳುವವರು ಬೇಕು. ಅವರನ್ನು ಒಪ್ಪಿಸಬೇಕಲ್ಲ.

---

ಗಾಳಿಪಟ

ಒಂದೇ. ಆರು ಕೆಲಸ ಕೊಟ್ಟರೆ ಜನ ಸುಲಭದ್ದನ್ನು ಮಾಡಿ ಎದ್ದು ಹೋಗುತ್ತಾರೆ, ಅಷ್ಟೇ.

---

ಅಂಗಳದವ

ನಾನು ಒಪ್ಪಲ್ಲ. ಸಣ್ಣದಕ್ಕೆ "ಹೂಂ" ಅಂದವನು ದೊಡ್ಡದಕ್ಕೂ "ಹೂಂ" ಅನ್ನುತ್ತಾನೆ ಅನ್ನುವುದು ಮನಶ್ಶಾಸ್ತ್ರದಲ್ಲಿ ಹಳೆಯ ವಿಷಯ. ಬಾಗಿಲಲ್ಲಿ ಕಾಲಿಡುವ ತಂತ್ರ ಅಂತಾರೆ. 1966ರಲ್ಲೇ ಇದರ ಮೇಲೆ ಪ್ರಯೋಗ ನಡೆದಿದೆ. ಮೊದಲು ಲೈಕ್ ಮಾಡಿಸಿ, ಆಮೇಲೆ ಸೇವ್, ಆಮೇಲೆ ಲಿಂಕ್. ಮೆಟ್ಟಿಲು ಹತ್ತಿಸಿದ ಹಾಗೆ. ನಿಮ್ಮ ತರಗತಿಯವರು ಹೇಳುವುದರಲ್ಲಿ ಅರ್ಥ ಇದೆ.

---

ಕೊನೆಬೆಂಚು

ನಮ್ಮಲ್ಲೂ ಇದೇ ತೊಂದರೆ ಇತ್ತು. ಹ್ಯಾಶ್‌ಟ್ಯಾಗ್ ಕಡಿಮೆ ಮಾಡಿದೆವು, ಸರಿ ಹೋಯಿತು. ರಾಶಿ ಹಾಕಿದರೆ ಕ್ಯಾಪ್ಶನ್ ನೋಡೋಕೇ ಬೇಜಾರು. ಮೂರು ನಾಲ್ಕು ಸಾಕು.

---

ನೀಲಿಶಾಯಿ

@ಕೊನೆಬೆಂಚು ಸರ್, ನಾನು ಕೇಳಿದ್ದು ಹ್ಯಾಶ್‌ಟ್ಯಾಗ್ ಬಗ್ಗೆ ಅಲ್ಲ. ಓದಿದವರು ಮುಂದೇನು ಮಾಡಬೇಕು ಅಂತ ಹೇಳುವ ಸಾಲಿನ ಬಗ್ಗೆ.

---

ಕೊನೆಬೆಂಚು

ಓ ಹಾಗಾ. ಆದರೂ ಹ್ಯಾಶ್‌ಟ್ಯಾಗ್ ಕಡಿಮೆ ಮಾಡಿ, ಒಳ್ಳೆಯದು.

---

ಮುದ್ರಾಮಂಜೂಷ

ನೀಲಿಶಾಯಿ ಅವರೇ, ಒಂದಾ ಹಲವಾ ಅಂತ ತೀರ್ಮಾನ ಮಾಡುವ ಮೊದಲು ಜನ ಎಲ್ಲಿ ಸೋರಿ ಹೋಗುತ್ತಿದ್ದಾರೆ ಅಂತ ನೋಡಬೇಕು. ತೊಂದರೆ ಕ್ಯಾಪ್ಶನ್‌ನಲ್ಲೇ ಇದೆ ಅಂತ ನೀವು ಅಂದುಕೊಂಡಿದ್ದೀರಿ. ಇರಬಹುದು, ಇಲ್ಲದೆಯೂ ಇರಬಹುದು.

ಆ ಪೋಸ್ಟ್‌ನ ಇನ್‌ಸೈಟ್ಸ್ ತೆರೆದು ಇಷ್ಟು ಹೇಳಿ. ಎಷ್ಟು ಜನರಿಗೆ ತಲುಪಿತು? ಅದರಿಂದ ಪ್ರೊಫೈಲ್‌ಗೆ ಬಂದವರೆಷ್ಟು? ಬಯೋದ ಲಿಂಕ್ ಒತ್ತಿದವರೆಷ್ಟು? ಫಾರ್ಮ್ ತುಂಬಿದವರೆಷ್ಟು? ಲೈಕ್ ಎಷ್ಟು ಅನ್ನುವುದು ಈಗ ಬೇಡ.

---

ನೀಲಿಶಾಯಿ

ನೋಡಿದೆ. ತಲುಪಿದ್ದು ಸುಮಾರು 5,000 ಜನಕ್ಕೆ. ಪ್ರೊಫೈಲ್‌ಗೆ ಬಂದವರು 60ರ ಆಸುಪಾಸು. ಲಿಂಕ್ ಒತ್ತಿದವರು 11. ಫಾರ್ಮ್ ತುಂಬಿದವರು 7. ಬೇಡ ಅಂದಿರಿ, ಆದರೂ ಹೇಳುತ್ತೇನೆ, ಲೈಕ್ 400ರ ಹತ್ತಿರ.

---

ಮುದ್ರಾಮಂಜೂಷ

ಇದು ಬೇಕಿತ್ತು. ಈಗ ಕೊನೆಯಿಂದ ಹಿಂದಕ್ಕೆ ಬನ್ನಿ.

ಲಿಂಕ್ ಒತ್ತಿದ 11 ಜನರಲ್ಲಿ 7 ಜನ ಫಾರ್ಮ್ ತುಂಬಿದ್ದಾರೆ. ಅಂದರೆ ಫಾರ್ಮ್ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಅಲ್ಲಿಯವರೆಗೆ ಹೋದವರಿಗೆ ತರಗತಿ ಬೇಕೇ ಬೇಕಿತ್ತು.

ಪ್ರೊಫೈಲ್‌ಗೆ ಬಂದ 60 ಜನರಲ್ಲಿ 11 ಜನ ಮಾತ್ರ ಲಿಂಕ್ ಒತ್ತಿದ್ದಾರೆ. ಇಲ್ಲಿ ಒಂದು ಸೋರಿಕೆ ಇದೆ. ಬಂದವರಿಗೆ ಯಾವ ಲಿಂಕ್ ಅಂತ ಗೊತ್ತಾಗಿಲ್ಲ, ಅಥವಾ ಅವರು ಸುಮ್ನೆ ಫಾಲೋ ಮಾಡಲು ಬಂದವರು. ನಿಮ್ಮ ಕ್ಯಾಪ್ಶನ್ ಅದನ್ನೂ ಕೇಳಿದೆಯಲ್ಲ!

ದೊಡ್ಡ ಸೋರಿಕೆ ಅದಕ್ಕೂ ಮೇಲೆ. 400 ಜನಕ್ಕೆ ಪೋಸ್ಟ್ ಹಿಡಿಸಿದೆ, ಬೆರಳು ಎತ್ತಿ ಲೈಕ್ ಒತ್ತಿದ್ದಾರೆ, ಆದರೆ 60 ಜನ ಮಾತ್ರ ಒಂದು ಹೆಜ್ಜೆ ಮುಂದೆ ಬಂದಿದ್ದಾರೆ. ಇದು ಕ್ಯಾಪ್ಶನ್‌ನದೇ ತಪ್ಪು ಅಂತ ಖಡಾಖಂಡಿತವಾಗಿ ಹೇಳಲಾರೆ. ಚಿತ್ರಕ್ಕೆ ಮಾತ್ರ ಲೈಕ್ ಕೊಟ್ಟು ಹೋಗುವವರು ಯಾವಾಗಲೂ ಇರುತ್ತಾರೆ. ಆದರೆ ನಿಮ್ಮ ಕ್ಯಾಪ್ಶನ್‌ನಲ್ಲಿ ಲೈಕ್ ಮಾಡಿ ಅನ್ನುವುದು ಮೊದಲು ಬರುತ್ತದೆ, ಸೇರಿ ಅನ್ನುವುದು ಎಲ್ಲಕ್ಕಿಂತ ಕೊನೆಗೆ. ಕೇಳಿದ್ದನ್ನೇ ಜನ ಕೊಟ್ಟಿದ್ದಾರೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ಕ್ಯಾಪ್ಶನ್‌ನಲ್ಲಿ ಎಷ್ಟು ಕೆಲಸ ಹೇಳಿದ್ದೀರಿ ಅಂತ ನಾನು ಎಣಿಸುವುದಿಲ್ಲ. ಓದುಗನನ್ನು ಎಷ್ಟು ಕಡೆಗೆ ಕಳಿಸುತ್ತಿದ್ದೀರಿ ಅಂತ ನೋಡುತ್ತೇನೆ. "ಬಯೋಗೆ ಹೋಗಿ, ಮೊದಲ ಲಿಂಕ್ ಒತ್ತಿ, ಹೆಸರು ತುಂಬಿ" ಅಂದರೆ ಮೂರು ಕ್ರಿಯಾಪದ ಇವೆ, ಆದರೆ ದಾರಿ ಒಂದೇ. ಅದು ಒಂದೇ ಕಾಲ್ ಟು ಆಕ್ಷನ್. "ಟ್ಯಾಗ್ ಮಾಡಿ, ಡಿಎಂ ಕಳಿಸಿ, ಲಿಂಕ್ ನೋಡಿ" ಅಂದರೂ ಮೂರೇ, ಆದರೆ ಅವನು ಮೂರು ಕಡೆ ಹರಿದು ಹೋಗುತ್ತಾನೆ. ಟ್ಯಾಗ್ ಮಾಡಲು ಕಮೆಂಟ್ ತೆರೆದವನು ಅಲ್ಲೇ ಬೇರೆಯವರ ಕಮೆಂಟ್ ಓದುತ್ತಾ ಕೂರುತ್ತಾನೆ. ವಾಪಸ್ ಬಂದು ಲಿಂಕ್ ಹುಡುಕುವುದಿಲ್ಲ.

---

ಸಂಜೆಬೆಳಕು

"ಎಷ್ಟು ಕಡೆಗೆ ಕಳಿಸುತ್ತಿದ್ದೀರಿ" ಅನ್ನುವುದು ಬಹಳ ಚೆನ್ನಾಗಿದೆ. ಆಫೀಸಿನಲ್ಲಿ ನಾಳೆಯೇ ಹೇಳುತ್ತೇನೆ.

---

ಅಂಗಳದವ

ಮುದ್ರಾಮಂಜೂಷ ಸರ್, ನೀವು ರೀಚ್ ಮರೆತಿರಿ. ಲೈಕ್, ಶೇರ್ ಬಂದರೆ ತಾನೇ ಪೋಸ್ಟ್ ಹೆಚ್ಚು ಜನಕ್ಕೆ ಹೋಗುವುದು? ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೆರಿ ಅವರೇ 2025ರ ಆರಂಭದಲ್ಲಿ ಹೇಳಿದ್ದಾರೆ. ನೋಡುವ ಸಮಯ, ಲೈಕ್, ಇನ್ನೊಬ್ಬರಿಗೆ ಕಳಿಸುವುದು, ಈ ಮೂರು ಮುಖ್ಯ ಅಂತ. 5,000 ಜನಕ್ಕೆ ಹೋಗಿದ್ದು ಆ ಲೈಕ್‌ಗಳಿಂದಲೇ ಇರಬಹುದು. ಲೈಕ್ ಕೇಳುವುದನ್ನು ಬಿಟ್ಟರೆ 2,000 ಜನಕ್ಕೆ ಹೋಗಿ, ಆ 7 ಜನವೂ ಬರದಿದ್ದರೆ?

---

ಮುದ್ರಾಮಂಜೂಷ

ಮೊಸ್ಸೆರಿ ಹೇಳಿದ್ದು ನಿಜ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಲೈಕ್ ಬರುವುದು ಬೇರೆ, ಲೈಕ್ ಕೇಳುವುದು ಬೇರೆ. ಚಿತ್ರ ಚೆನ್ನಾಗಿದ್ದರೆ ಕೇಳದೆಯೂ ಲೈಕ್ ಬರುತ್ತದೆ. ಬಯೋ ಲಿಂಕ್ ಮಾತ್ರ ಕೇಳದೆ ಯಾರೂ ಒತ್ತುವುದಿಲ್ಲ. ಕೇಳದೆ ಸಿಗುವುದನ್ನು ಕೇಳಿ, ಕೇಳಿದರೆ ಮಾತ್ರ ಸಿಗುವುದನ್ನು ಕೊನೆಗೆ ತಳ್ಳುವುದು ಯಾಕೆ?

ರೀಚ್ ಬೇಕು ಅಂದರೆ ಅದಕ್ಕೇ ಒಂದು ಬೇರೆ ಪೋಸ್ಟ್ ಹಾಕಿ. ಬ್ಯಾಚ್ ಶುರುವಾಗುವ ಮೊದಲು ಒಂದು ಉಪಯೋಗದ ಪೋಸ್ಟ್, ಉದಾಹರಣೆಗೆ ಕಿಟಕಿ ಬೆಳಕಿನಲ್ಲಿ ಮುಖದ ಫೋಟೋ ತೆಗೆಯುವುದು ಹೇಗೆ ಅಂತ. ಅದರಲ್ಲಿ "ಫೋಟೋ ತೆಗೆಯುವ ಗೆಳೆಯರಿಗೆ ಕಳಿಸಿ" ಅಂತ ಒಂದೇ ಮಾತು. ಎರಡು ದಿನ ಬಿಟ್ಟು ಸೇರುವ ಪೋಸ್ಟ್. ಅದರಲ್ಲಿ ಲಿಂಕ್ ಒಂದೇ. ಎರಡೂ ಕೆಲಸ ಆಗುತ್ತದೆ, ಒಂದೇ ಕ್ಯಾಪ್ಶನ್‌ನಲ್ಲಿ ಗುದ್ದಾಡುವುದಿಲ್ಲ.

---

ಲೆಕ್ಕದ_ಮೇಷ್ಟ್ರು

ಅಂಗಳದವರು ಹೇಳಿದ 1966ರ ಪ್ರಯೋಗದ ಬಗ್ಗೆ ಎರಡು ಮಾತು, ಅದನ್ನು ಇಲ್ಲಿ ಸ್ವಲ್ಪ ತಿರುಗಿಸಿ ಬಳಸಿದ ಹಾಗಾಯಿತು.

ಫ್ರೀಡ್‌ಮನ್ ಮತ್ತು ಫ್ರೇಸರ್ ಮಾಡಿದ ಪ್ರಯೋಗ ಅದು. ಮೊದಲು ಮನೆಯವರ ಹತ್ತಿರ ಒಂದು ಚಿಕ್ಕ ಕೆಲಸ ಕೇಳಿದರು. ಸುರಕ್ಷಿತವಾಗಿ ಗಾಡಿ ಓಡಿಸಿ ಅನ್ನುವ ಪುಟ್ಟ ಚೀಟಿಯನ್ನು ಅಂಟಿಸಿ ಅಂತ, ಅಥವಾ ಒಂದು ಮನವಿಗೆ ಸಹಿ ಹಾಕಿ ಅಂತ. ಆಮೇಲೆ ಬೇರೊಬ್ಬರು ಹೋಗಿ, ಅಂಗಳದಲ್ಲಿ ದೊಡ್ಡದೊಂದು ಫಲಕ ನೆಡಲು ಬಿಡುತ್ತೀರಾ ಅಂತ ಕೇಳಿದರು. ಚಿಕ್ಕದಕ್ಕೆ ಒಪ್ಪಿದವರು ದೊಡ್ಡದಕ್ಕೂ ಜಾಸ್ತಿ ಒಪ್ಪಿದರು. ಇಲ್ಲಿಯವರೆಗೆ ಸರಿ.

ಆದರೆ ಎರಡು ಕೋರಿಕೆಗಳ ನಡುವೆ ಸುಮಾರು ಎರಡು ವಾರ ಇತ್ತು. ಒಂದೇ ಉಸಿರಿನಲ್ಲಿ ಎರಡನ್ನೂ ಕೇಳಲಿಲ್ಲ. ಮೊದಲನೆಯದನ್ನು ಮಾಡಿ ಮುಗಿಸಿ, "ನಾನು ಇಂಥ ವಿಷಯಕ್ಕೆ ಸಹಾಯ ಮಾಡುವವನು" ಅಂತ ತಮ್ಮ ಬಗ್ಗೆ ಅನ್ನಿಸಲು ಸಮಯ ಇತ್ತು ಅನ್ನುವುದೇ ಅದಕ್ಕೆ ಕೊಡುವ ವಿವರಣೆ. ಒಂದೇ ಕ್ಯಾಪ್ಶನ್‌ನಲ್ಲಿ ಆರು ಕೆಲಸ ಸಾಲಾಗಿ ಬರೆದರೆ ಅದು ಮೆಟ್ಟಿಲಲ್ಲ. ಆರು ಬಾಗಿಲು ಒಟ್ಟಿಗೆ ತೆರೆದ ಹಾಗೆ.

ಇದಕ್ಕೆ ಉಲ್ಟಾ ಹೇಳುವ ಕೆಲಸವೂ ಇದೆ. 2014ರಲ್ಲಿ ಕ್ರಿಸ್ಟೊಫರ್ಸನ್ ಮತ್ತು ಜೊತೆಯವರು ತೋರಿಸಿದ್ದು, ಎಲ್ಲರಿಗೂ ಕಾಣುವಂತೆ ಪುಟ್ಟ ಬೆಂಬಲ ಕೊಟ್ಟವರು ಮುಂದೆ ನಿಜವಾದ ದೊಡ್ಡ ಸಹಾಯಕ್ಕೆ ಅಷ್ಟಾಗಿ ಮುಂದೆ ಬರಲಿಲ್ಲ ಅಂತ. ಯಾರಿಗೂ ಕಾಣದಂತೆ ಕೊಟ್ಟವರು ಹಾಗಲ್ಲ. ಅವರು ನೋಡಿದ್ದು ದಾನ, ಸಮಾಜಸೇವೆ ಇಂಥದ್ದನ್ನು, ತರಗತಿ ಮಾರುವುದನ್ನಲ್ಲ. ಹಾಗಾಗಿ ನೇರವಾಗಿ ಇಲ್ಲಿಗೆ ತರಬೇಡಿ. ಆದರೆ "ಚಿಕ್ಕದು ಯಾವಾಗಲೂ ದೊಡ್ಡದಕ್ಕೆ ದಾರಿ" ಅನ್ನುವ ಮಾತಂತೂ ನಿಲ್ಲುವುದಿಲ್ಲ.

---

ಅಂಗಳದವ

ಎರಡು ವಾರದ ವಿಷಯ ಒಪ್ಪಿದೆ ಮೇಷ್ಟ್ರೇ. ಹಾಗಾದರೆ ಮೆಟ್ಟಿಲು ಬೇರೆ ಬೇರೆ ಪೋಸ್ಟ್‌ನಲ್ಲಿ ಇರಲಿ ಅನ್ನಿ. ಇವತ್ತು ಕಮೆಂಟ್, ಮುಂದಿನ ವಾರ ಲಿಂಕ್. ಮುದ್ರಾಮಂಜೂಷ ಅವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರಲ್ಲ. ಆದರೆ ಸೇವ್ ಮಾತ್ರ ನಾನು ಬಿಡಲ್ಲ. ಸೇವ್ ಮಾಡಿದವನು ಆಮೇಲೆ ತಿರುಗಿ ನೋಡುತ್ತಾನೆ.

---

ಗಾಳಿಪಟ

ಸೇವ್ ಮಾಡಿದ್ದನ್ನು ತಿರುಗಿ ನೋಡುವವರು ಯಾರಿದ್ದಾರೆ ಹೇಳಿ. 😀

---

ಅಂಗಳದವ

ನಾನಿದ್ದೇನೆ.

---

ಹನಿಹನಿ

ನಮ್ಮದು ಸ್ವಲ್ಪ ಬೇರೆ ಥರ. ರಕ್ತದಾನ ಶಿಬಿರಗಳಿಗೆ ಪೋಸ್ಟ್ ಬರೆಯುತ್ತೇನೆ. ಒಂದೇ ಇರಬೇಕು ಅನ್ನುವ ನಿಯಮ ನಮಗೆ ಒಗ್ಗುವುದಿಲ್ಲ. ಯಾಕೆ ಅಂದರೆ ಓದುವವರಲ್ಲಿ ಎಷ್ಟೋ ಜನ ರಕ್ತ ಕೊಡುವ ಸ್ಥಿತಿಯಲ್ಲೇ ಇರುವುದಿಲ್ಲ. ಮೊನ್ನೆ ಮೊನ್ನೆ ಕೊಟ್ಟವರು, ಮಾತ್ರೆ ತೆಗೆದುಕೊಳ್ಳುತ್ತಿರುವವರು, ವಯಸ್ಸು ಕಡಿಮೆ ಇರುವವರು. "ಬಂದು ರಕ್ತ ಕೊಡಿ" ಅಂತ ಮಾತ್ರ ಬರೆದರೆ ಅವರೆಲ್ಲ ಓದಿ ಮುಂದೆ ಹೋಗುತ್ತಾರೆ. ಅವರ ಕೈಯಲ್ಲೂ ಮಾಡಲು ಏನೋ ಇದೆಯಲ್ಲ.

ಹಾಗಾಗಿ ನಾವು ಬರೆಯುವುದು: "ಶನಿವಾರ ಬೆಳಿಗ್ಗೆ ಬಂದು ರಕ್ತ ಕೊಡಿ, ಲಿಂಕ್‌ನಲ್ಲಿ ಸಮಯ ಆರಿಸಿಕೊಳ್ಳಿ. ಈ ಸಲ ಕೊಡಲು ಆಗದವರು ಇದನ್ನು ಕೊಡಬಲ್ಲ ಒಬ್ಬರಿಗೆ ಕಳಿಸಿ." ಎರಡು ಇವೆ. ಇದು ತಪ್ಪಾ?

---

ಮುದ್ರಾಮಂಜೂಷ

ಖಂಡಿತ ತಪ್ಪಲ್ಲ, ಬಹಳ ಸರಿಯಾಗಿದೆ. ನಿಮ್ಮ ಎರಡು ಕೆಲಸಗಳು ಒಬ್ಬನೇ ಓದುಗನಿಗೆ ಅಲ್ಲ. "ಆಗದವರು" ಅನ್ನುವ ಒಂದು ಶಬ್ದ ಓದುಗರನ್ನು ಎರಡು ಪಾಲು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಟ್ಟಿದೆ. ಯಾರೂ ಆಯ್ಕೆ ಮಾಡುತ್ತಾ ನಿಲ್ಲಬೇಕಿಲ್ಲ. ಎರಡನೆಯದೂ ಮೊದಲನೆಯದಕ್ಕೇ ಜನ ತರುತ್ತದೆ. "ಒಬ್ಬರಿಗೆ" ಅಂದಿದ್ದೂ ಒಳ್ಳೆಯದು. ಎಲ್ಲರಿಗೂ ಹಂಚಿ ಅಂದರೆ ಯಾರಿಗೂ ಹಂಚುವುದಿಲ್ಲ.

ಒಂದು ಎಚ್ಚರ ಇರಲಿ. ಆ ಸಾಲು ಯಾವಾಗಲೂ ಎರಡನೆಯದಾಗಿಯೇ ಇರಬೇಕು. ಮೊದಲು ಹಾಕಿದರೆ, ರಕ್ತ ಕೊಡಬಲ್ಲವನೂ ಕಳಿಸಿ ಸುಮ್ಮನಾಗುತ್ತಾನೆ.

---

ನೀಲಿಶಾಯಿ

ಹಾಗಾದರೆ ನಮ್ಮ ತರಗತಿಗೂ "ನಿಮಗೆ ಬೇಡವಾದರೆ ಗೆಳೆಯರನ್ನು ಟ್ಯಾಗ್ ಮಾಡಿ" ಅಂತ ಹಾಕಬಹುದಾ? ಅವರು ಟ್ಯಾಗ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ.

---

ಸಂಜೆಬೆಳಕು

ಟ್ಯಾಗ್ ಬೇಡ ರೀ. ಇದೇ ಕ್ಯಾಪ್ಶನ್ ಫೇಸ್‌ಬುಕ್‌ಗೂ ಹಾಕುತ್ತೀರಲ್ಲ? ಟ್ಯಾಗ್ ಮಾಡಿ, ಶೇರ್ ಮಾಡಿ, ಲೈಕ್ ಒತ್ತಿ ಅಂತ ಪೀಡಿಸುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುತ್ತೇವೆ ಅಂತ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಘೋಷಿಸಿತ್ತು. ರೀಚ್‌ಗೋಸ್ಕರ ಕೇಳಿದ್ದೇ ರೀಚ್ ಕಡಿಮೆ ಮಾಡುತ್ತದೆ.

---

ಹನಿಹನಿ

ಅಯ್ಯೋ, ಹಾಗಾದರೆ ನಮ್ಮ "ಒಬ್ಬರಿಗೆ ಕಳಿಸಿ" ಕೂಡ ಸಿಕ್ಕಿಬೀಳುತ್ತಾ?

---

ಸಂಜೆಬೆಳಕು

ಇಲ್ಲ ಅಕ್ಕ. ನಿಜವಾಗಿ ಸಹಾಯ ಕೇಳುವ ಪೋಸ್ಟ್‌ಗಳಿಗೆ ಇದು ತಾಗುವುದಿಲ್ಲ ಅಂತ ಅದೇ ಘೋಷಣೆಯಲ್ಲಿ ಹೇಳಿದ್ದಾರೆ. ಕಾಣೆಯಾದ ಮಗುವಿನ ಸುದ್ದಿ, ಒಳ್ಳೆಯ ಕೆಲಸಕ್ಕೆ ಹಣ ಸೇರಿಸುವುದು, ಸಲಹೆ ಕೇಳುವುದು ಇಂಥವು. ರಕ್ತದಾನವೂ ಅದೇ ಜಾತಿಯದು ಅಲ್ವಾ.

---

ಮುದ್ರಾಮಂಜೂಷ

ನೀಲಿಶಾಯಿ ಅವರೇ, ರಕ್ತದಾನಕ್ಕೂ ತರಗತಿಗೂ ಇನ್ನೊಂದು ವ್ಯತ್ಯಾಸ ಇದೆ. ರಕ್ತ ಕೊಡಲಾಗದವನಿಗೆ ತನಗೆ ಆಗುವುದಿಲ್ಲ ಅಂತ ಗೊತ್ತು. ತರಗತಿಗೆ ಸೇರುವವನು "ಸೇರಲಾ ಬೇಡವಾ" ಅಂತ ಅನುಮಾನದಲ್ಲೇ ಇರುತ್ತಾನೆ. ಅನುಮಾನ ಇರುವವನಿಗೆ ಸುಲಭದ ದಾರಿ ತೋರಿಸಿದರೆ ಅದನ್ನೇ ಹಿಡಿಯುತ್ತಾನೆ. ಹಾಗಾಗಿ ನಿಮಗೆ ಅದು ಬೇಡ.

ನೀವು ಒಂದು ಸಲ ಹೊಸದಾಗಿ ಬರೆದು ಇಲ್ಲಿ ಹಾಕಿ, ನೋಡೋಣ.

---

ನೀಲಿಶಾಯಿ

ಪ್ರಯತ್ನ ಇದು:

> ಬೆಳಕನ್ನು ಹಿಡಿಯುವುದು ಒಂದು ಕಲೆ! ಒಳ್ಳೆಯ ಫೋಟೋಗೆ ದುಬಾರಿ ಕ್ಯಾಮೆರಾ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕೈಯಲ್ಲಿರುವ ಮೊಬೈಲ್ ಸಾಕು. ನಾಲ್ಕು ವಾರ, ವಾರಕ್ಕೆ ಎರಡು ತರಗತಿ, ನಿಮ್ಮ ಫೋಟೋಗಳನ್ನೇ ಇಟ್ಟುಕೊಂಡು ತಿದ್ದುತ್ತೇವೆ. ಬಯೋದಲ್ಲಿರುವ ಲಿಂಕ್‌ನಲ್ಲಿ ಸೇರಿ.

---

ಗಾಳಿಪಟ

ಮೊದಲಿನದಕ್ಕಿಂತ ಸಾವಿರ ಪಾಲು ಮೇಲು.

---

ಮುದ್ರಾಮಂಜೂಷ

ಒಳ್ಳೆಯದಾಗಿದೆ. ಎರಡು ಕಡೆ ತಿದ್ದಬೇಕು.

ಒಂದು, ಫೀಡ್‌ನಲ್ಲಿ ಇಡೀ ಕ್ಯಾಪ್ಶನ್ ಕಾಣುವುದಿಲ್ಲ. ಸುಮಾರು 125 ಅಕ್ಷರ ಆದ ಮೇಲೆ ಕತ್ತರಿಸಿ `more` ಅಂತ ತೋರಿಸುತ್ತದೆ. ಮಿತಿ 2,200 ಅಕ್ಷರ ಇದ್ದರೂ, ಒತ್ತದವನ ಪಾಲಿಗೆ ಆ ಮೊದಲ ಒಂದೆರಡು ಸಾಲೇ ನಿಮ್ಮ ಕ್ಯಾಪ್ಶನ್. ಕನ್ನಡದಲ್ಲಿ ಇನ್ನೂ ಬೇಗ ಮುಗಿಯುತ್ತದೆ, ಯಾಕೆಂದರೆ ಗುಣಿತಾಕ್ಷರ, ಒತ್ತಕ್ಷರಗಳನ್ನು ಕಂಪ್ಯೂಟರ್ ಬಿಡಿಬಿಡಿಯಾಗಿ ಎಣಿಸುತ್ತದೆ. ಈಗ ನಿಮ್ಮ ಮೊದಲ ಸಾಲುಗಳಲ್ಲಿ ತರಗತಿ ಅನ್ನುವ ಮಾತೇ ಇಲ್ಲ. ಇರುವ ಒಂದೇ ಕೋರಿಕೆ ಪರದೆಯ ಹಿಂದೆ ಕೂತಿದೆ. ಅದನ್ನು ಮುಂದೆ ತನ್ನಿ, ಕೊನೆಯಲ್ಲೂ ಒಮ್ಮೆ ಹೇಳಿ. ಎರಡು ಸಲ ಹೇಳಿದರೂ ದಾರಿ ಒಂದೇ, ಹಾಗಾಗಿ ಅದು ಎರಡು ಕಾಲ್ ಟು ಆಕ್ಷನ್ ಆಗುವುದಿಲ್ಲ.

ಎರಡು, "ಲಿಂಕ್‌ನಲ್ಲಿ ಸೇರಿ" ಅಂದರೆ ಓದುಗನಿಗೆ ಒತ್ತಿದ ಮೇಲೆ ಏನಾಗುತ್ತದೆ ಅಂತ ತಿಳಿಯುವುದಿಲ್ಲ. ದುಡ್ಡು ಕೇಳುತ್ತಾರಾ, ಉದ್ದ ಫಾರ್ಮ್ ಇದೆಯಾ, ಫೋನ್ ಬರುತ್ತಾ? ಆ ಅನುಮಾನಕ್ಕೇ ಜನ ನಿಲ್ಲುವುದು. ಅಲ್ಲೇನಿದೆ ಅಂತ ಹೇಳಿಬಿಡಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

> ಮೊಬೈಲ್ ಫೋಟೋಗ್ರಫಿ ಹೊಸ ಬ್ಯಾಚ್. ಬಯೋದ ಮೊದಲ ಲಿಂಕ್‌ನಲ್ಲಿ ಹೆಸರು ಕೊಡಿ.
>
> ದುಬಾರಿ ಕ್ಯಾಮೆರಾ ಬೇಡ. ನಾಲ್ಕು ವಾರ, ವಾರಕ್ಕೆ ಎರಡು ತರಗತಿ. ನೀವು ತೆಗೆದ ಫೋಟೋಗಳನ್ನೇ ಎದುರಿಗಿಟ್ಟುಕೊಂಡು, ಬೆಳಕು ಎಲ್ಲಿ ತಪ್ಪಿತು, ಚೌಕಟ್ಟು ಎಲ್ಲಿ ತಪ್ಪಿತು ಅಂತ ತೋರಿಸುತ್ತೇವೆ.
>
> ಬಯೋದ ಮೊದಲ ಲಿಂಕ್ ಒತ್ತಿ, ಹೆಸರು ಮತ್ತು ನಿಮಗೆ ಅನುಕೂಲವಾದ ಸಮಯ ತುಂಬಿ. ಈಗ ಹಣ ಕಟ್ಟಬೇಕಿಲ್ಲ. ಭಾನುವಾರ ರಾತ್ರಿ ಪಟ್ಟಿ ಮುಚ್ಚುತ್ತೇವೆ.

ಹಣದ ಸಾಲು ನಿಮ್ಮಲ್ಲಿ ನಿಜವಾಗಿದ್ದರೆ ಮಾತ್ರ ಇಟ್ಟುಕೊಳ್ಳಿ. ಭಾನುವಾರವೂ ಅಷ್ಟೇ. ಮುಚ್ಚುತ್ತೇವೆ ಅಂದು ಸೋಮವಾರವೂ ತೆರೆದಿಟ್ಟರೆ ಮುಂದಿನ ಸಲ ಯಾರೂ ನಂಬುವುದಿಲ್ಲ.

---

ಸಂಜೆಬೆಳಕು

"ಮೊದಲ ಲಿಂಕ್" ಅಂದಿದ್ದು ಮುಖ್ಯ. ಬಯೋದಲ್ಲಿ ಈಗ ಐದು ಲಿಂಕ್‌ವರೆಗೆ ಹಾಕಬಹುದು. ಆದರೆ ಹೊರಗೆ ಪೂರ್ತಿ ಕಾಣುವುದು ಮೊದಲನೆಯದು ಮಾತ್ರ, ಉಳಿದವು "ಇನ್ನೂ ಇಷ್ಟಿವೆ" ಅನ್ನುವ ಲೆಕ್ಕದಲ್ಲಿ ಮುಚ್ಚಿಕೊಂಡಿರುತ್ತವೆ. ಕ್ಯಾಪ್ಶನ್‌ನಲ್ಲಿ ಒಂದೇ ಕೆಲಸ ಹೇಳಿ ಬಯೋದಲ್ಲಿ ಐದು ಲಿಂಕ್ ಇಟ್ಟರೆ ಏನು ಬಂತು? ನೀಲಿಶಾಯಿ, ನಿಮ್ಮ 60 ಜನ ಅಲ್ಲೇ ಕಳೆದುಹೋಗಿರಬಹುದು. ಒಮ್ಮೆ ನೋಡಿ.

---

ನೀಲಿಶಾಯಿ

ಈಗಷ್ಟೇ ನೋಡಿದೆ. ನಾಲ್ಕು ಲಿಂಕ್ ಇವೆ. ಮೊದಲನೆಯದು ಅವರ ಹಳೆಯ ಯೂಟ್ಯೂಬ್ ಚಾನೆಲ್. ತರಗತಿಯದು ಮೂರನೆಯದು!

---

ಗಾಳಿಪಟ

ಸಿಕ್ಕಿತು ಕಳ್ಳ.

---

ಕೊನೆಬೆಂಚು

ಬಯೋ ಲಿಂಕ್ ಯಾಕೆ ಸರ್? ಕ್ಯಾಪ್ಶನ್‌ನಲ್ಲೇ ಲಿಂಕ್ ಅಂಟಿಸಿದರೆ ಆಗಲ್ವಾ?

---

ಸಂಜೆಬೆಳಕು

ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ನಲ್ಲಿ ಅಂಟಿಸಿದ ಲಿಂಕ್ ಒತ್ತಲು ಬರುವುದಿಲ್ಲ, ಸುಮ್ನೆ ಅಕ್ಷರವಾಗಿ ಕೂರುತ್ತದೆ. ಫೇಸ್‌ಬುಕ್‌ನಲ್ಲಿ ಬರುತ್ತದೆ. ಅದಕ್ಕೇ ಒಂದೇ ಕ್ಯಾಪ್ಶನ್ ಎರಡೂ ಕಡೆ ಹಾಕಬಾರದು. ಫೇಸ್‌ಬುಕ್‌ನಲ್ಲಿ "ಬಯೋ ನೋಡಿ" ಅಂತ ಓದಿದವನು ಎಲ್ಲಿ ನೋಡಬೇಕು?

---

ಅಂಗಳದವ

ಈಗ ಬಹಳ ಜನ ಬಯೋ ಬಿಟ್ಟು "ಕಮೆಂಟ್‌ನಲ್ಲಿ *ಬ್ಯಾಚ್* ಅಂತ ಬರೆಯಿರಿ, ಲಿಂಕ್ ಕಳಿಸುತ್ತೇವೆ" ಅನ್ನುತ್ತಾರೆ. ತಾನೇ ತಾನಾಗಿ ಡಿಎಂ ಹೋಗುತ್ತದೆ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಉತ್ತಮ. ಒಂದೇ ಕೆಲಸ ಕೇಳಿದ್ದೀರಿ, ಕಮೆಂಟೂ ಬಂತು, ಲಿಂಕೂ ಹೋಯಿತು. ಇದಕ್ಕೇನು ಹೇಳುತ್ತೀರಿ?

---

ಮುದ್ರಾಮಂಜೂಷ

ಇದರಲ್ಲಿ ನೀವು ಹೇಳಿದ್ದು ಸರಿ. ಕಮೆಂಟೇ ಲಿಂಕಿಗೆ ದಾರಿ ಆಗಿರುವುದರಿಂದ ಎರಡೂ ಜಗಳ ಆಡುವುದಿಲ್ಲ. ಓದುಗ ಪೋಸ್ಟ್ ಬಿಟ್ಟು ಹೋಗಬೇಕಿಲ್ಲ ಅನ್ನುವುದೂ ದೊಡ್ಡ ಅನುಕೂಲ.

ಆದರೆ ಎಲ್ಲಕ್ಕೂ ಹೊಂದುವುದಿಲ್ಲ. ಕಮೆಂಟ್ ಅಂದರೆ ಎಲ್ಲರೆದುರು ಬರೆಯುವುದು. ಫೋಟೋ ತರಗತಿಗೆ ಯಾರೂ ನಾಚಿಕೊಳ್ಳುವುದಿಲ್ಲ. ಸಾಲ ತೀರಿಸುವ ಸಲಹೆ, ಆರೋಗ್ಯದ ವಿಷಯ ಅಂಥದ್ದಕ್ಕೆ ಎಷ್ಟು ಜನ ಹೆಸರು ಸಮೇತ ಬರೆಯುತ್ತಾರೆ? ಅಲ್ಲಿ ಬಯೋ ಲಿಂಕೇ ಮೇಲು. ಇನ್ನೊಂದು, ಕಮೆಂಟ್‌ನಲ್ಲಿ ಪದ ಬರೆದವರೆಲ್ಲ ಸೇರುವವರಲ್ಲ. ಕುತೂಹಲಕ್ಕೆ ಬರೆದವರ ಸಂಖ್ಯೆ ನೋಡಿ ಖುಷಿಪಡಬೇಡಿ. ಎಣಿಸಬೇಕಾದ್ದು ಫಾರ್ಮ್ ಮಾತ್ರ.

---

ಹನಿಹನಿ

ಡಿಎಂ ಹೋಗದೆ ಇರುವುದೂ ಉಂಟು. ನಾನೇ ಎರಡು ಕಡೆ ಪದ ಬರೆದೆ, ಲಿಂಕ್ ಬರಲೇ ಇಲ್ಲ. ಮತ್ತೆ ಆ ಪುಟದ ಕಡೆ ತಲೆ ಹಾಕಿಲ್ಲ.

---

ನೀಲಿಶಾಯಿ

ಒಂದು ಕೇಳಬೇಕಿತ್ತು. ಅವರನ್ನು ಒಪ್ಪಿಸಲು ಪರೀಕ್ಷೆ ಮಾಡೋಣ ಅಂದುಕೊಂಡಿದ್ದೇನೆ. ಈ ವಾರ ಅವರ ಆರು ಕೆಲಸದ ಕ್ಯಾಪ್ಶನ್, ಮುಂದಿನ ವಾರ ಒಂದೇ ಕೆಲಸದ್ದು. ಯಾವುದಕ್ಕೆ ಜಾಸ್ತಿ ಬಂತೋ ಅದು ಗೆದ್ದ ಹಾಗೆ. ಸರಿಯಾ?

---

ಲೆಕ್ಕದ_ಮೇಷ್ಟ್ರು

ಮಾಡಿ. ಆದರೆ ಮೂರು ಕಡೆ ಎಡವಬಹುದು.

ಮೊದಲನೆಯದು ಬಯೋ ಲಿಂಕ್. ಅದು ಎಲ್ಲ ಪೋಸ್ಟಿಗೂ ಒಂದೇ. ಮುಂದಿನ ವಾರ ಲಿಂಕ್ ಒತ್ತಿದವನು ಈ ವಾರದ ಪೋಸ್ಟ್ ನೋಡಿ ಬಂದವನಾ, ಹೊಸದನ್ನು ನೋಡಿ ಬಂದವನಾ ಅಂತ ಫಾರ್ಮ್‌ಗೆ ಗೊತ್ತಾಗುವುದಿಲ್ಲ. ಪ್ರತಿ ಕ್ಯಾಪ್ಶನ್ ಹಾಕುವಾಗ ಬಯೋದ ವಿಳಾಸದ ಬಾಲವನ್ನು ಬದಲಿಸಿ:

```
https://example.com/batch?utm_source=instagram&utm_medium=bio&utm_content=caption-a
https://example.com/batch?utm_source=instagram&utm_medium=bio&utm_content=caption-b
```

ಹೋಗುವ ಪುಟ ಒಂದೇ, ಕೊನೆಯ ಗುರುತು ಮಾತ್ರ ಬೇರೆ. ಇಷ್ಟು ಮಾಡಿದರೂ ಹಳೆಯ ಪೋಸ್ಟ್ ನೋಡಿ ತಡವಾಗಿ ಬಂದವರು ಹೊಸದರ ಲೆಕ್ಕಕ್ಕೆ ಸೇರುತ್ತಾರೆ. ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ.

ಎರಡನೆಯದು, ಒಂದನ್ನು ಬಿಟ್ಟು ಉಳಿದದ್ದನ್ನು ಬದಲಿಸಬೇಡಿ. ಚಿತ್ರದ ರೀತಿ, ವಾರದ ದಿನ, ಹೊತ್ತು ಒಂದೇ ಇರಲಿ. ಮುಖ್ಯವಾಗಿ ಬಯೋದ ಲಿಂಕ್ ಸಾಲನ್ನು ಪರೀಕ್ಷೆಗೆ ಮೊದಲೇ ಸರಿ ಮಾಡಿ. ಇಲ್ಲದಿದ್ದರೆ ಹೆಚ್ಚಳ ಬಂದಾಗ ಅದು ಕ್ಯಾಪ್ಶನ್‌ನಿಂದ ಬಂತಾ, ಯೂಟ್ಯೂಬ್ ಲಿಂಕ್ ಕೆಳಗೆ ಹಾಕಿದ್ದರಿಂದ ಬಂತಾ ಅಂತ ಹೇಳಲು ಆಗಲ್ಲ.

ಮೂರನೆಯದು ಎಲ್ಲರೂ ಮರೆಯುವುದು. ಒಂದಕ್ಕೆ 11 ಜನ, ಇನ್ನೊಂದಕ್ಕೆ 17 ಜನ ಒತ್ತಿದರು ಅಂದುಕೊಳ್ಳಿ. "ಅರ್ಧಕ್ಕಿಂತ ಜಾಸ್ತಿ ಏರಿತು" ಅಂತ ಕುಣಿಯಬೇಡಿ. ಎರಡೂ ಪೋಸ್ಟ್ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಜನಕ್ಕೆ ತಲುಪಿದ್ದರೆ ಒಂದು ಒರಟು ಲೆಕ್ಕ ಇದೆ. ಎರಡನ್ನೂ ಕೂಡಿಸಿ, 28. ಅದರ ವರ್ಗಮೂಲ ಐದಕ್ಕಿಂತ ಸ್ವಲ್ಪ ಜಾಸ್ತಿ. ವ್ಯತ್ಯಾಸ ಅದರ ಎರಡರಷ್ಟು, ಅಂದರೆ ಹತ್ತಕ್ಕಿಂತ ಹೆಚ್ಚಿದ್ದರೆ ಮಾತ್ರ ಗಮನಿಸಿ. ಇಲ್ಲಿ ಆರು ಮಾತ್ರ. ಒಂದೇ ಕ್ಯಾಪ್ಶನ್ ಅನ್ನು ಎರಡು ಸಲ ಹಾಕಿದ್ದರೂ ಇಷ್ಟು ಏರುಪೇರು ಬರಬಹುದಿತ್ತು.

---

ನೀಲಿಶಾಯಿ

ಅಂದರೆ ನಮ್ಮಷ್ಟು ಚಿಕ್ಕ ಪುಟದಲ್ಲಿ ಎರಡು ಪೋಸ್ಟ್ ಹಾಕಿ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲವಾ?

---

ಲೆಕ್ಕದ_ಮೇಷ್ಟ್ರು

ಎರಡರಿಂದ ಕಷ್ಟ. ಎರಡು ಬಗೆಯನ್ನೂ ಅದಲು ಬದಲಾಗಿ ಹಾಕುತ್ತಾ ಹೋಗಿ, ಒಟ್ಟು ಕೂಡಿಸಿ ನೋಡಿ. 110 ಮತ್ತು 170 ಆದಾಗ ಅದೇ ಲೆಕ್ಕ ಬೇರೆ ಉತ್ತರ ಕೊಡುತ್ತದೆ. 280ರ ವರ್ಗಮೂಲ 17ರ ಹತ್ತಿರ, ಅದರ ಎರಡರಷ್ಟು 34. ವ್ಯತ್ಯಾಸ 60. ಆಗ ಧೈರ್ಯವಾಗಿ ಹೇಳಬಹುದು.

---

ಸಂಜೆಬೆಳಕು

ಅಷ್ಟು ದಿನ ಆರು ಕೆಲಸದ ಕ್ಯಾಪ್ಶನ್ ಹಾಕುತ್ತಾ ಕೂರಲು ಯಾರಿಗೆ ತಾಳ್ಮೆ ಇದೆ ಮೇಷ್ಟ್ರೇ! ನಾನಾದರೆ ಸಂಖ್ಯೆಯನ್ನು ಬದಿಗಿಟ್ಟು, ಅವರ ಮೊಬೈಲನ್ನೇ ಅವರ ಕೈಗೆ ಕೊಟ್ಟು "ಈ ಪೋಸ್ಟ್‌ನಿಂದ ತರಗತಿಗೆ ಸೇರಿ ತೋರಿಸಿ" ಅನ್ನುತ್ತೇನೆ. `more` ಒತ್ತಬೇಕು, ಐದು ಕೆಲಸ ದಾಟಬೇಕು, ಪ್ರೊಫೈಲ್‌ಗೆ ಹೋಗಬೇಕು, ನಾಲ್ಕು ಲಿಂಕ್‌ನಲ್ಲಿ ಮೂರನೆಯದನ್ನು ಹುಡುಕಬೇಕು. ಅವರಿಗೇ ಅರ್ಥವಾಗುತ್ತದೆ.

---

ಲೆಕ್ಕದ_ಮೇಷ್ಟ್ರು

ಅದು ಸಾಬೀತಲ್ಲ, ಆದರೆ ಒಪ್ಪಿಸಲು ಸಾಕು. 🙂

---

ಅಂಗಳದವ

ನಾನು ಈಗಲೂ ಸೇವ್ ಪರವೇ. ಭಾನುವಾರ ಮುಚ್ಚುತ್ತೇವೆ ಅಂದಿದ್ದೀರಿ. ಬುಧವಾರ ಓದಿದವನಿಗೆ "ಭಾನುವಾರದವರೆಗೆ ಯೋಚಿಸುವವರು ಸೇವ್ ಮಾಡಿಟ್ಟುಕೊಳ್ಳಿ" ಅಂದರೆ ಅದೂ ಹನಿಹನಿ ಅವರ "ಆಗದವರು" ಅನ್ನುವ ಜಾತಿಯದೇ ಅಲ್ವಾ? ಇವತ್ತು ಸೇರುವವನಿಗೆ ಲಿಂಕ್, ಯೋಚಿಸುವವನಿಗೆ ಸೇವ್.

---

ಮುದ್ರಾಮಂಜೂಷ

ಒಳ್ಳೆಯ ಮಾತು. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. "ಯೋಚಿಸುವವರು" ಅಂದರೆ ಹೆಚ್ಚುಕಡಿಮೆ ಎಲ್ಲರೂ ತಮ್ಮನ್ನು ಅದರಲ್ಲೇ ಸೇರಿಸಿಕೊಳ್ಳುತ್ತಾರೆ. ನಾನಾದರೆ ಸೇವ್ ಬದಲು ಶನಿವಾರ ಒಂದು ಸ್ಟೋರಿ ಹಾಕುತ್ತೇನೆ, ಲಿಂಕ್ ಸ್ಟಿಕ್ಕರ್ ಸಮೇತ. ನೆನಪಿಸುವ ಹೊಣೆ ನಮ್ಮದಾಗಲಿ. ನೀಲಿಶಾಯಿ ಅವರು ಎರಡನ್ನೂ ಹಾಕಿ ನೋಡಬಹುದು. ಮೇಷ್ಟ್ರ ಲೆಕ್ಕ ಮರೆಯದಿದ್ದರೆ ಆಯಿತು.

---

ನೀಲಿಶಾಯಿ

ಎಲ್ಲರಿಗೂ ಧನ್ಯವಾದ. ತರಗತಿಯವರ ಜೊತೆ ಮಾತಾಡಿದೆ. ಲಿಂಕ್ ಮೊದಲಿಗೆ ತರಲು ತಕ್ಷಣ ಒಪ್ಪಿದರು, ಯೂಟ್ಯೂಬ್ ಕೆಳಗೆ ಹೋಯಿತು. ಟ್ಯಾಗ್, ಫಾಲೋ, ಲೈಕ್ ತೆಗೆದೆವು. ಡಿಎಂ ಮಾತ್ರ ಬಿಡಲ್ಲ ಅನ್ನುತ್ತಿದ್ದಾರೆ, ಕೆಲವರಿಗೆ ಮಾತಾಡಿಯೇ ಸೇರುವ ಅಭ್ಯಾಸವಂತೆ. ಇದಕ್ಕೆ ಏನು ಮಾಡಲಿ?

---

ಸಂಜೆಬೆಳಕು

ಡಿಎಂ ಅನ್ನು ಕ್ಯಾಪ್ಶನ್‌ನಿಂದ ತೆಗೆದು ಫಾರ್ಮ್‌ನೊಳಗೆ ಇಡಿ. "ಸೇರುವ ಮೊದಲು ಮಾತಾಡಬೇಕು" ಅಂತ ಒಂದು ಟಿಕ್ ಗುರುತು. ಹಾಗೆ ಹಾಕಿದವರಿಗೆ ಅವರೇ ಫೋನ್ ಮಾಡಲಿ.

---

ಕೊನೆಬೆಂಚು

ಇದನ್ನು ನಾನೂ ನಮ್ಮಲ್ಲಿ ಮಾಡುತ್ತೇನೆ. ಆ ಟಿಕ್ ಫಾರ್ಮ್‌ನ ಮೇಲೆ ಇರಬೇಕಾ, ಕೊನೆಯಲ್ಲಾ?

---

ಸಂಜೆಬೆಳಕು

ಕೊನೆಯಲ್ಲಿ, ನಂಬರ್ ಕೇಳಿದ ಮೇಲೆ. ಮೇಲಿದ್ದರೆ ಉಳಿದದ್ದನ್ನು ತುಂಬದೆ ಬಿಡುತ್ತಾರೆ.